Fe²⁺ ಬಾಕ್ಸ್ ಚಿತ್ರ: ಒಂಟಿ ಎಲೆಕ್ಟ್ರಾನ್ ಲೆಕ್ಕ ಸರಿ, ಚಿತ್ರ ಮಾತ್ರ ತಪ್ಪಂತೆ. ಹೇಗೆ?

ಸಹನಾ_ಹಾಸನ

ನನ್ನ ತಮ್ಮ ಮೊದಲ ಪಿಯುಸಿ. ಕೆಮಿಸ್ಟ್ರಿ ಟೆಸ್ಟ್‌ನಲ್ಲಿ Fe²⁺ ಅಯಾನಿನ ಬಾಕ್ಸ್ ಚಿತ್ರ ಬರೆದು, ಅದರಲ್ಲಿ ಒಂಟಿ ಎಲೆಕ್ಟ್ರಾನ್ ಎಷ್ಟಿವೆ ಹೇಳಿ ಅಂತ ಕೇಳಿದ್ದರು. ಇವನು ಬರೆದಿದ್ದು ಹೀಗೆ:

```
Fe²⁺   4s [↑↓]   3d [↑ ][↑ ][↑ ][↑ ][  ]
```

ಒಂಟಿ ಎಲೆಕ್ಟ್ರಾನ್ 4 ಅಂತ ಉತ್ತರ. ಲೆಕ್ಚರರ್ ಕೊಟ್ಟ ಉತ್ತರದಲ್ಲೂ 4 ಅಂತಲೇ ಇದೆ. ಆದರೆ ಚಿತ್ರಕ್ಕೆ ಅಂಕ ಇಲ್ಲ, ಕೆಂಪು ಗೆರೆ ಎಳೆದಿದ್ದಾರೆ. ಕಾರಣ ಬರೆದಿಲ್ಲ. ಅವನ ವಾದ ಇಷ್ಟೇ: ಎಲೆಕ್ಟ್ರಾನ್ ಮೊದಲು 4s ಗೆ ಹೋಗುತ್ತದೆ, ಆಮೇಲೆ 3d ಗೆ. ಕೊನೆಗೆ ಬಂದವರು ಮೊದಲು ಹೊರಗೆ. ಹಾಗಾಗಿ 3d ಯಿಂದ ಎರಡು ತೆಗೆದೆ. ನನಗೂ ಕೇಳಿದರೆ ಸರಿ ಅನಿಸುತ್ತದೆ. ನಾನು ಓದಿದ್ದು ಬಿ.ಕಾಂ., ಹಾಗಾಗಿ ನನ್ನ ಮಾತಿಗೆ ಮನೆಯಲ್ಲಿ ಬೆಲೆ ಇಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ರಾಂಕ್_ಹುಡುಗ

ಇದು ಸುಲಭ ಅಕ್ಕ. ತುಂಬುವಾಗ n + l ನೋಡಬೇಕು. 4s ಗೆ 4 + 0 = 4, 3d ಗೆ 3 + 2 = 5. ಕಡಿಮೆ ಇರೋದು ಮೊದಲು ತುಂಬುತ್ತದೆ, ಅಂದರೆ 4s ಶಕ್ತಿ ಕಡಿಮೆ. ತೆಗೆಯುವಾಗ ಮಾತ್ರ ಹೊರಗಿನ ಶೆಲ್ ನೋಡಬೇಕು. n = 4 ಹೊರಗಿದೆ, ಹಾಗಾಗಿ 4s ನಿಂದ ಹೋಗುತ್ತದೆ. ತುಂಬೋದಕ್ಕೆ ಒಂದು ರೂಲು, ತೆಗೆಯೋದಕ್ಕೆ ಒಂದು ರೂಲು. ಬಾಯಿಪಾಠ ಮಾಡಿಬಿಡಲಿ.

ಇನ್ನೊಂದು ಮಾತು. ಜೋಡಿ ಬಾಣ ಯಾವಾಗಲೂ 3d ಯ ಮೊದಲನೇ ಬಾಕ್ಸಲ್ಲೇ ಇರಬೇಕು. ಬೇರೆ ಕಡೆ ಹಾಕಿದರೆ ತಪ್ಪು.

ಸಹನಾ_ಹಾಸನ

ಥ್ಯಾಂಕ್ಸ್ ತಮ್ಮಾ. ಆದರೆ ನೀನು ಹೇಳಿದ್ದರಲ್ಲೇ ಒಂದು ಗಂಟು ಉಳಿದಿದೆ ಅಲ್ವಾ? 4s ಶಕ್ತಿ ಕಡಿಮೆ ಅಂದರೆ ಅಲ್ಲಿರುವ ಎಲೆಕ್ಟ್ರಾನ್ ಗಟ್ಟಿಯಾಗಿ ಕೂತಿರಬೇಕು. ಅದನ್ನೇ ಮೊದಲು ತೆಗೆಯೋದು ಹೇಗೆ? ನನ್ನ ತಮ್ಮ ಕೇಳ್ತಿರೋದೂ ಅದನ್ನೇ.

ನಿವೃತ್ತ_ಮೇಷ್ಟ್ರು

ಸಹನಾ ಅವರೇ, ಒಳ್ಳೆಯ ಪ್ರಶ್ನೆ ಹಿಡಿದಿದ್ದೀರಿ. ಕಾರಣಕ್ಕೆ ಆಮೇಲೆ ಬರೋಣ. ಮೊದಲು ಚಿತ್ರ ಕಟ್ಟೋಣ. ನಿಮ್ಮ ತಮ್ಮ ಪಕ್ಕದಲ್ಲೇ ಇದ್ದರೆ ಪೆನ್ಸಿಲ್ ಕೊಡಿ.

ಕಬ್ಬಿಣದಲ್ಲಿ 26 ಎಲೆಕ್ಟ್ರಾನ್. ಮೊದಲ 18 ಆರ್ಗಾನ್‌ನ ಹಾಗೇ ತುಂಬಿದ ಬಾಕ್ಸ್‌ಗಳು. ಅಲ್ಲಿ ಎಲ್ಲವೂ ಜೋಡಿ, ಒಂಟಿ ಲೆಕ್ಕಕ್ಕೆ ಬೇಡ, [Ar] ಅಂತ ಬರೆದು ಮುಂದೆ ಹೋಗಬಹುದು. ಉಳಿದದ್ದು 8. ಅದರಲ್ಲಿ 2 ಬಾಣ 4s ಬಾಕ್ಸಿಗೆ, ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಇನ್ನು 6. 3d ಯಲ್ಲಿ ಐದು ಬಾಕ್ಸ್, ಐದಕ್ಕೂ ಒಂದೇ ಶಕ್ತಿ. ಮೊದಲ ಐದು ಬಾಣ ಒಂದೊಂದು ಬಾಕ್ಸಿಗೆ ಒಂದೊಂದು, ಎಲ್ಲದರ ಮುಖವೂ ಒಂದೇ ಕಡೆ. ಆರನೆಯದಕ್ಕೆ ಖಾಲಿ ಬಾಕ್ಸ್ ಇಲ್ಲ. ಅದು ಯಾವುದಾದರೂ ಒಂದರೊಳಗೆ ತಲೆಕೆಳಗಾಗಿ ಹೋಗಬೇಕು.

```
Fe     [Ar]  4s [↑↓]   3d [↑↓][↑ ][↑ ][↑ ][↑ ]
Fe²⁺   [Ar]  4s [  ]   3d [↑↓][↑ ][↑ ][↑ ][↑ ]
Fe³⁺   [Ar]  4s [  ]   3d [↑ ][↑ ][↑ ][↑ ][↑ ]
```

ಈಗ ನಿಮ್ಮ ತಮ್ಮನ ದಾರಿಯಲ್ಲೇ Fe³⁺ ಬರೆಯಲಿ. 3d ಯಿಂದ ಮೂರು ತೆಗೆದರೆ 4s ಜೋಡಿ ಹಾಗೇ ಉಳಿಯುತ್ತದೆ, 3d ಯಲ್ಲಿ ಮೂರು ಬಾಣ. ಒಂಟಿ 3. ಸರಿಯಾದ ಚಿತ್ರದಲ್ಲಿ ಒಂಟಿ 5. Fe²⁺ ನಲ್ಲಿ ಎರಡೂ ದಾರಿಯಲ್ಲಿ 4 ಬಂದದ್ದು ಕಾಕತಾಳೀಯ. 3d ಯಲ್ಲಿ ನಾಲ್ಕು ಬಾಣ ಇದ್ದರೂ ಒಂಟಿ ನಾಲ್ಕೇ, ಆರು ಇದ್ದರೂ ನಾಲ್ಕೇ.

ಯಾವುದು ನಿಜ ಅಂತ ಅಯಸ್ಕಾಂತ ಹೇಳುತ್ತದೆ. ಒಂಟಿ ಎಲೆಕ್ಟ್ರಾನ್ n ಇದ್ದರೆ ಕಾಂತೀಯ ಮೊಮೆಂಟ್ ಹೆಚ್ಚುಕಡಿಮೆ √(n(n+2)) ಬೋರ್ ಮ್ಯಾಗ್ನೆಟಾನ್. ಮೂರಕ್ಕೆ 3.87, ಐದಕ್ಕೆ 5.92. Fe³⁺ ಇರುವ ಫೆರಿಕ್ ಆಲಂನಂಥ ಲವಣಗಳನ್ನು ಅಳೆದರೆ 5.9ರ ಆಸುಪಾಸು ಸಿಗುತ್ತದೆ. 3.87ರ ಹತ್ತಿರವೂ ಬರುವುದಿಲ್ಲ.

ರಾಂಕ್ ಹುಡುಗನಿಗೆ: ಜೋಡಿ ಮೊದಲನೇ ಬಾಕ್ಸಲ್ಲಿ ಬರೆಯೋದು ಅಭ್ಯಾಸ ಮಾತ್ರ. ಐದನೆಯದರಲ್ಲಿ ಹಾಕಿದರೂ ಅದೇ ಕಬ್ಬಿಣ. ಒಂಟಿ ಬಾಣಗಳನ್ನೆಲ್ಲ ಕೆಳಮುಖ ಮಾಡಿದರೂ ತೊಂದರೆ ಇಲ್ಲ, ಎಲ್ಲವೂ ಒಂದೇ ಕಡೆ ಇದ್ದರಾಯಿತು.

ರಾಂಕ್_ಹುಡುಗ

ಸರ್, ನಮ್ಮ ಕೋಚಿಂಗ್‌ನಲ್ಲಿ ಎಡದಿಂದಲೇ ತುಂಬಬೇಕು ಅಂತ ಹೇಳಿದ್ದಾರೆ. ಮೊದಲ ಬಾಕ್ಸ್ ಅಂದರೆ m = −2, ಹಾಗಾಗಿ ಕೊನೆಯ ಎಲೆಕ್ಟ್ರಾನ್‌ನ ಕ್ವಾಂಟಂ ಸಂಖ್ಯೆ ಕೇಳಿದರೆ m = −2 ಬರೀಬೇಕಂತೆ.

ನಿವೃತ್ತ_ಮೇಷ್ಟ್ರು

ಇನ್ನೊಂದು ಪುಸ್ತಕದಲ್ಲಿ ಎಡದ ಬಾಕ್ಸಿಗೆ +2 ಅಂತ ಬರೆದಿರುತ್ತಾರೆ. ಪರಮಾಣುವಿಗೆ ಎಡ ಬಲ ಗೊತ್ತಿಲ್ಲ. ಆ ಪ್ರಶ್ನೆಯಲ್ಲಿ n = 3, l = 2 ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು. ಮಿಕ್ಕಿದ್ದು ಪ್ರಶ್ನೆ ಪತ್ರಿಕೆ ತೆಗೆದವರ ಒಪ್ಪಂದ.

ನೀಟ್_ಎರಡನೇ_ಸಲ

ನನ್ನದೂ ಇದೇ ಡೌಟ್! ಆದರೆ ನನಗೆ ಬೇರೆ ಉತ್ತರ ಬರ್ತಿದೆ. Fe²⁺ ನಲ್ಲಿ 24 ಎಲೆಕ್ಟ್ರಾನ್. ಕ್ರೋಮಿಯಂನಲ್ಲೂ 24. ಕ್ರೋಮಿಯಂ 3d⁵ 4s¹, ಅರ್ಧ ತುಂಬಿದ್ದು ಸ್ಥಿರ. ಅಂದಮೇಲೆ Fe²⁺ ಕೂಡ 3d⁵ 4s¹ ಆಗಬೇಕು, ಒಂಟಿ 6. ಇಲ್ಲಿ ಎಲ್ಲರೂ 4 ಅಂತಿದ್ದೀರಿ. ಕ್ರೋಮಿಯಂ ವಿಷಯ ಯಾಕೆ ಯಾರೂ ಎತ್ತಲಿಲ್ಲ?

ಸಹನಾ_ಹಾಸನ

ಅಯ್ಯೋ, ಈಗ ಮೂರನೇ ಚಿತ್ರ ಬಂತು. ತಮ್ಮ ಪುಸ್ತಕ ಮುಚ್ಚಿ ಎದ್ದು ಹೋದ.

ನಿವೃತ್ತ_ಮೇಷ್ಟ್ರು

ಅವನನ್ನು ವಾಪಸ್ ಕರೆಯಿರಿ. ಈ ತಪ್ಪು ಉತ್ತರದ ಒಳಗೇ ನಿಮ್ಮ ಮೊದಲ ಪ್ರಶ್ನೆಗೂ ದಾರಿ ಇದೆ.

ಎಲೆಕ್ಟ್ರಾನ್ ಸಂಖ್ಯೆ ಒಂದೇ ಇದ್ದ ಮಾತ್ರಕ್ಕೆ ಚಿತ್ರ ಒಂದೇ ಆಗಬೇಕಿಲ್ಲ. ಒಳಗಿನ ನ್ಯೂಕ್ಲಿಯಸ್ ಬೇರೆ ಬೇರೆ. ಸಣ್ಣ ಉದಾಹರಣೆಯಿಂದ ಶುರು ಮಾಡೋಣ. 19 ಎಲೆಕ್ಟ್ರಾನ್ ಇರುವ ಮೂವರನ್ನು ತೆಗೆದುಕೊಳ್ಳಿ: K, Ca⁺, Sc²⁺. ಮೂರರಲ್ಲೂ ಆರ್ಗಾನ್ ಗುಂಪಿನ ಹೊರಗೆ ಇರೋದು ಒಂದೇ ಎಲೆಕ್ಟ್ರಾನ್, ಹಾಗಾಗಿ ಗೊಂದಲಕ್ಕೆ ಜಾಗ ಕಡಿಮೆ. ಅದು ಎಲ್ಲಿ ಕೂರುತ್ತದೆ ಅನ್ನೋದು ವರ್ಣಪಟಲ ನೋಡಿ ಗೊತ್ತಾಗಿರುವ ವಿಷಯ.

```
K      4s [↑ ]   3d [  ][  ][  ][  ][  ]
Ca⁺    4s [↑ ]   3d [  ][  ][  ][  ][  ]
Sc²⁺   4s [  ]   3d [↑ ][  ][  ][  ][  ]
```

ಪೊಟ್ಯಾಸಿಯಂನಲ್ಲಿ 4s ಕೆಳಗೆ, 3d ಮೇಲೆ. ನ್ಯೂಕ್ಲಿಯಸ್‌ನ ಪ್ರೋಟಾನ್ ಒಂದೊಂದಾಗಿ ಜಾಸ್ತಿ ಆದ ಹಾಗೆ ಎರಡೂ ಕೆಳಗಿಳಿಯುತ್ತವೆ, ಆದರೆ 3d ಬೇಗ ಇಳಿಯುತ್ತದೆ. Sc²⁺ ಹೊತ್ತಿಗೆ 3d ಯೇ ಕೆಳಗೆ. n + l ಹೇಳುವ ಕ್ರಮ 19 ಮತ್ತು 20ನೇ ಧಾತುವಿಗೆ ಶಕ್ತಿಯ ಕ್ರಮವೂ ಹೌದು. ಅದಾದ ಮೇಲೆ ಅದು ತಟಸ್ಥ ಪರಮಾಣುವಿನ ವಿನ್ಯಾಸ ಬರೆಯಲು ಸಹಾಯ ಮಾಡುವ ಕ್ರಮ ಅಷ್ಟೇ. ಅದರಿಂದ ಕಬ್ಬಿಣದಲ್ಲಿ 4s ಗಟ್ಟಿ, 3d ಸಡಿಲ ಅಂತ ತೀರ್ಮಾನ ಮಾಡಬಾರದು.

ಈಗ 24ರ ಗುಂಪು ನೋಡಿ:

```
Cr     4s [↑ ]   3d [↑ ][↑ ][↑ ][↑ ][↑ ]
Mn⁺    4s [↑ ]   3d [↑ ][↑ ][↑ ][↑ ][↑ ]
Fe²⁺   4s [  ]   3d [↑↓][↑ ][↑ ][↑ ][↑ ]
```

Mn⁺ ತನಕ ಕ್ರೋಮಿಯಂ ಥರವೇ ಇದೆ. ಕಬ್ಬಿಣದ 26 ಪ್ರೋಟಾನ್ ಬಂದಾಗ 3d ಎಷ್ಟು ಕೆಳಗೆ ಹೋಗುತ್ತದೆ ಅಂದರೆ, 4s ನಲ್ಲಿ ಒಬ್ಬನೇ ಕೂರುವುದಕ್ಕಿಂತ 3d ಯೊಳಗೆ ಜೋಡಿಯಾಗಿ ಕೂರುವುದೇ ಲಾಭ. ಜೋಡಿ ಮಾಡಿಕೊಳ್ಳೋದಕ್ಕೆ ಖರ್ಚಿದೆ, ಆದರೂ ಲಾಭ.

ಹಾಗಾದರೆ "ಕೊನೆಗೆ ಬಂದವರು ಮೊದಲು ಹೊರಗೆ" ಎಲ್ಲಿ ಮುರಿಯಿತು? ಧಾತುವಿನಿಂದ ಧಾತುವಿಗೆ ಹೋಗುವಾಗ ಪ್ರತಿ ಸಲ ಒಂದು ಎಲೆಕ್ಟ್ರಾನ್ ಜೊತೆಗೆ ಒಂದು ಪ್ರೋಟಾನನ್ನೂ ಸೇರಿಸುತ್ತೇವೆ. ಅಯಾನು ಮಾಡುವಾಗ ಎಲೆಕ್ಟ್ರಾನ್ ಮಾತ್ರ ತೆಗೆಯುತ್ತೇವೆ, ಪ್ರೋಟಾನ್ 26 ಹಾಗೇ ಇರುತ್ತದೆ. ಹತ್ತಿದ ದಾರಿಯಲ್ಲೇ ನಾವು ಇಳಿಯುತ್ತಿಲ್ಲ.

ಸಹನಾ_ಹಾಸನ

ಇದು ತಲೆಗೆ ಹೋಯಿತು ಮೇಷ್ಟ್ರೇ. ತಮ್ಮನೂ ವಾಪಸ್ ಬಂದ. ಅವನ ಅಡ್ಡ ಪ್ರಶ್ನೆ: 3d ಅಷ್ಟು ಕೆಳಗಿದ್ದರೆ, ತಟಸ್ಥ ಕಬ್ಬಿಣದಲ್ಲಿ ಎಂಟೂ 3d ಗೇ ಹೋಗಬಹುದಿತ್ತಲ್ಲ? 4s ಗೆ ಎರಡು ಯಾಕೆ?

ನಿವೃತ್ತ_ಮೇಷ್ಟ್ರು

ಹುಡುಗ ಚುರುಕಾಗಿದ್ದಾನೆ. 3d ಆರ್ಬಿಟಲ್ ನ್ಯೂಕ್ಲಿಯಸ್ ಹತ್ತಿರ ಸಣ್ಣ ಜಾಗದಲ್ಲಿದೆ. ಅಲ್ಲಿ ಎಂಟು ಎಲೆಕ್ಟ್ರಾನ್ ತುರುಕಿದರೆ ಒಂದಕ್ಕೊಂದು ತಳ್ಳಾಟ ಜಾಸ್ತಿ. 4s ದೂರಕ್ಕೆ ಹರಡಿದೆ, ಅಲ್ಲಿಗೆ ಎರಡು ಹೋದರೆ ಒಟ್ಟು ಶಕ್ತಿ ಕಡಿಮೆ. ಅಯಾನು ಮಾಡಲು ಎರಡು ಎಲೆಕ್ಟ್ರಾನ್ ತೆಗೆದ ಮೇಲೆ ತಳ್ಳಾಟವೂ ಕಡಿಮೆ, ಉಳಿದವರ ಮೇಲೆ ನ್ಯೂಕ್ಲಿಯಸ್ ಹಿಡಿತವೂ ಬಿಗಿ. ಒಂದೊಂದೇ ತೆಗೆದರೆ ಇದು ಕಾಣುತ್ತದೆ: Fe⁺ ನಲ್ಲಿ 3d⁶ 4s¹, Fe²⁺ ನಲ್ಲಿ 3d⁶.

ಬಾಕ್ಸ್ ಚಿತ್ರ ಇದನ್ನು ತೋರಿಸಲಾರದು. ಬಾಕ್ಸ್‌ಗಳ ಎತ್ತರ ಮೊದಲೇ ನಿಂತುಬಿಟ್ಟಿದೆ, ಎಲೆಕ್ಟ್ರಾನ್ ಬಂದು ಕೂರುತ್ತದೆ ಅನ್ನೋ ಹಾಗೆ ಅದು ಕಾಣುತ್ತದೆ. ನಿಜದಲ್ಲಿ ಪ್ರತಿ ಎಲೆಕ್ಟ್ರಾನ್ ಬಂದಾಗಲೂ ಹೋದಾಗಲೂ ಎತ್ತರ ಬದಲಾಗುತ್ತದೆ.

ನೀಟ್_ಎರಡನೇ_ಸಲ

ಅರ್ಧ ತುಂಬಿದ್ದು ಸ್ಥಿರ ಅನ್ನೋದು ಹಾಗಾದ್ರೆ ಸುಳ್ಳಾ ಸರ್?

ಕ್ಯಾಂಪಸ್_ಲ್ಯಾಬ್

ಮೇಷ್ಟ್ರ ಪರವಾಗಿ ನಾನು ಹೇಳ್ತೀನಿ. ಸುಳ್ಳಲ್ಲ, ಆದರೆ ಅದನ್ನು ಎಲ್ಲದಕ್ಕೂ ಕೀಲಿ ಮಾಡಿಕೊಳ್ಳಬೇಡ. ಕ್ರೋಮಿಯಂ ಕೆಳಗಿನ ಮಾಲಿಬ್ಡಿನಂ 4d⁵ 5s¹, ಸರಿ ಹೊಂದುತ್ತದೆ. ಅದರ ಕೆಳಗಿನ ಟಂಗ್‌ಸ್ಟನ್ 5d⁴ 6s². ನಯೋಬಿಯಂ 4d⁴ 5s¹, ಅಲ್ಲಿ d ಯಲ್ಲಿ ಅರ್ಧವೂ ಇಲ್ಲ, ಪೂರ್ತಿಯೂ ಇಲ್ಲ. ಪರೀಕ್ಷೆಗೆ Cr ಮತ್ತು Cu ನೆನಪಿಟ್ಟುಕೋ, ಆದರೆ ಅದೇ ಕಾರಣ ಹಿಡಿದು ಹೊಸ ಅಯಾನಿನ ಚಿತ್ರ ಬರೆಯೋಕೆ ಹೋಗಬೇಡ.

ಹುಬ್ಳಿ_ಟ್ಯೂಶನ್

ಇಷ್ಟು ದೊಡ್ಡದು ಬೇಕಾ? ನಾನು ಮಕ್ಕಳಿಗೆ ಸಿಟಿ ಬಸ್ ಉದಾಹರಣೆ ಕೊಡ್ತೀನಿ. ಹತ್ತಿದವರು ಮೊದಲು ಖಾಲಿ ಸೀಟು ನೋಡ್ತಾರೆ, ಎಲ್ಲ ಸೀಟಿಗೂ ಒಬ್ಬೊಬ್ಬರು ಆದಮೇಲೆ ಪಕ್ಕದಲ್ಲಿ ಕೂರ್ತಾರೆ. ಹುಂಡ್ ನಿಯಮ ಮುಗೀತು. ಎಲ್ಲರಿಗೂ ಅರ್ಥ ಆಗುತ್ತದೆ.

ಕ್ಯಾಂಪಸ್_ಲ್ಯಾಬ್

ಅರ್ಧ ಮುಗೀತು ಸರ್. ಬೇರೆ ಬೇರೆ ಕೂರೋದು ಯಾಕೆ ಅಂತ ಬಸ್ಸು ಹೇಳುತ್ತದೆ. ಎಲ್ಲರ ಬಾಣವೂ ಒಂದೇ ಕಡೆ ಯಾಕೆ ಇರಬೇಕು ಅಂತ ಹೇಳುವುದಿಲ್ಲ. ಈ ಉದಾಹರಣೆ ಕೇಳಿ ಬಂದ ಮಕ್ಕಳು ಕಾರ್ಬನ್‌ನ 2p ಯಲ್ಲಿ ಹೀಗೆ ಬರೆಯುತ್ತಾರೆ:

```
2p [↑ ][↓ ][  ]
```

ಸೀಟು ಬೇರೆ ಬೇರೆ ಇದೆಯಲ್ಲ ಅಂತ ಅವರ ವಾದ. ಕಾರ್ಬನ್‌ನ ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು ತೋರಿಸಲು ನಾವು ಬರೆಯಬೇಕಾದದ್ದು [↑ ][↑ ][  ]. ಅದೇ 2p² ನಲ್ಲಿ ಎರಡು ಎಲೆಕ್ಟ್ರಾನ್‌ಗಳ ಸ್ಪಿನ್ ಒಂದನ್ನೊಂದು ರದ್ದು ಮಾಡುವ ಮೊದಲ ಸ್ಥಿತಿ ಸುಮಾರು 1.26 ಎಲೆಕ್ಟ್ರಾನ್ ವೋಲ್ಟ್ ಮೇಲಿದೆ. ಅದು ಸಣ್ಣ ಅಂತರ ಅಲ್ಲ.

ಹುಬ್ಳಿ_ಟ್ಯೂಶನ್

ಒಪ್ಪಿದೆ. ಹಾಗಾದರೆ ಒಂದೇ ಕಡೆ ಮುಖ ಇದ್ದರೆ ಶಕ್ತಿ ಯಾಕೆ ಕಡಿಮೆ? ಒಂದು ಸಾಲಿನಲ್ಲಿ ಹೇಳಿ, ನಾಳೆ ಕ್ಲಾಸಲ್ಲಿ ಹೇಳ್ತೀನಿ.

ಕ್ಯಾಂಪಸ್_ಲ್ಯಾಬ್

ಒಂದು ಸಾಲಿನಲ್ಲಿ ಕಷ್ಟ. ಒಂದೇ ಸ್ಪಿನ್ ಇರುವ ಎರಡು ಎಲೆಕ್ಟ್ರಾನ್ ಒಂದರ ಹತ್ತಿರ ಇನ್ನೊಂದು ಸುಳಿಯುವುದಿಲ್ಲ. ಇದು ಪೌಲಿ ನಿಯಮದಿಂದಲೇ ಬರುತ್ತದೆ. ಹಾಗಾಗಿ ತಳ್ಳಾಟ ಕಡಿಮೆ ಅಂತ ಪುಸ್ತಕಗಳಲ್ಲಿ ಇರುತ್ತದೆ. ಆದರೆ ನಿಖರವಾಗಿ ಲೆಕ್ಕ ಹಾಕಿದವರು ಇನ್ನೊಂದು ಮಾತು ಹೇಳುತ್ತಾರೆ. ಒಂದಕ್ಕೊಂದು ಅಡ್ಡ ಬರದ ಕಾರಣ ಎರಡೂ ನ್ಯೂಕ್ಲಿಯಸ್ ಹತ್ತಿರಕ್ಕೆ ಹೋಗಬಹುದು, ನಿಜವಾದ ಲಾಭ ಆ ಸೆಳೆತದಿಂದ ಬರುತ್ತದೆ ಅಂತ. ಪಿಯುಸಿ ಕ್ಲಾಸಿಗೆ ಯಾವುದನ್ನು ಹೇಳಬೇಕು ಅನ್ನೋದು ನಿಮ್ಮ ಇಷ್ಟ.

ಹುಬ್ಳಿ_ಟ್ಯೂಶನ್

ಬಸ್ಸೇ ಇರಲಿ ಬಿಡಿ. ಬಾಣದ ಮಾತು ಬೇರೆ ಹೇಳ್ತೀನಿ.

ಕ್ಯಾಂಪಸ್_ಲ್ಯಾಬ್

ಮೇಷ್ಟ್ರು ಅಯಸ್ಕಾಂತದ ವಿಷಯ ತೆಗೆದರು, ಅದಕ್ಕೆ ನನ್ನದೊಂದು ಸೇರಿಸ್ತೀನಿ. ಎಂ.ಎಸ್ಸಿ. ಲ್ಯಾಬಲ್ಲಿ ಗೂಯ್ ಬ್ಯಾಲೆನ್ಸ್ ಅಂತ ಇದೆ. ಗಾಜಿನ ಟ್ಯೂಬಿನಲ್ಲಿ ಲವಣದ ಪುಡಿ ತುಂಬಿ ತಕ್ಕಡಿಯಿಂದ ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೂಗಿಬಿಡುತ್ತೇವೆ. ಕರೆಂಟ್ ಹಾಕಿದಾಗ ತೂಕ ಜಾಸ್ತಿ ತೋರಿಸಿದರೆ ಒಂಟಿ ಎಲೆಕ್ಟ್ರಾನ್ ಇದೆ ಅಂತ ಅರ್ಥ, ಅಯಸ್ಕಾಂತ ಒಳಕ್ಕೆ ಎಳೆಯುತ್ತಿದೆ. ಎಲ್ಲ ಜೋಡಿಯಾಗಿದ್ದರೆ ತೂಕ ಸ್ವಲ್ಪ ಕಡಿಮೆಯೇ ತೋರಿಸುತ್ತದೆ.

ಮೋರ್ ಲವಣದಲ್ಲಿ Fe²⁺ ಇದೆ. ಸೂತ್ರದ ಪ್ರಕಾರ ಒಂಟಿ 4 ಅಂದರೆ 4.90 ಬರಬೇಕು. ಇಂಥ Fe²⁺ ಲವಣಗಳಲ್ಲಿ ಅಳೆದರೆ ಸಾಮಾನ್ಯವಾಗಿ 5.1ರಿಂದ 5.5 ಸಿಗುತ್ತದೆ. ಮೊದಲ ಸಲ ನೋಡಿದವರು ಟ್ಯೂಬ್ ಸರಿಯಾಗಿ ತುಂಬಿಲ್ಲ ಅಂದುಕೊಳ್ಳುತ್ತಾರೆ. ತುಂಬಿದ್ದು ಸರಿ ಇದ್ದರೂ ಹಾಗೇ ಬರುತ್ತದೆ. ಆ ಸೂತ್ರ ಸ್ಪಿನ್ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. Fe²⁺ ನಲ್ಲಿ ಎಲೆಕ್ಟ್ರಾನ್ ಸುತ್ತುವುದರಿಂದಲೂ ಒಂದಿಷ್ಟು ಕಾಂತತೆ ಸೇರಿಕೊಳ್ಳುತ್ತದೆ. Fe³⁺ ನಲ್ಲಿ ಐದು ಬಾಕ್ಸಿಗೂ ಒಂದೊಂದೇ ಇರುವುದರಿಂದ ಆ ಭಾಗ ರದ್ದಾಗುತ್ತದೆ, ಅದಕ್ಕೇ ಅಲ್ಲಿ 5.92ರ ಹತ್ತಿರ ಚೊಕ್ಕವಾಗಿ ಸಿಗುತ್ತದೆ.

ಇನ್ನೂ ಮಜಾ ಇರೋದು ಪೊಟ್ಯಾಸಿಯಂ ಫೆರೋಸಯನೈಡಿನಲ್ಲಿ. ಅದರಲ್ಲೂ Fe²⁺. ಅಯಸ್ಕಾಂತ ಅದನ್ನು ಎಳೆಯುವುದೇ ಇಲ್ಲ. ಒಂಟಿ ಎಲೆಕ್ಟ್ರಾನ್ ಸೊನ್ನೆ.

ರಾಂಕ್_ಹುಡುಗ

ಅದೇ Fe²⁺, ಅದೇ 3d⁶, ಒಂದು ಕಡೆ 4, ಇನ್ನೊಂದು ಕಡೆ 0? ಹುಂಡ್ ನಿಯಮ ಫೇಲ್ ಆಯ್ತಲ್ಲ?

ನಿವೃತ್ತ_ಮೇಷ್ಟ್ರು

ಫೇಲ್ ಆಗಿಲ್ಲ. ಆ ನಿಯಮಕ್ಕೆ ಒಂದು ಷರತ್ತಿದೆ: ಬಾಕ್ಸ್‌ಗಳ ಶಕ್ತಿ ಒಂದೇ ಇರಬೇಕು. ಒಂಟಿ ಅಯಾನಿನಲ್ಲಿ ಐದೂ ಒಂದೇ. ಸುತ್ತ ಆರು ಸಯನೈಡ್ ಬಂದು ಕೂತಾಗ ಮೂರು ಬಾಕ್ಸ್ ಕೆಳಗಿಳಿಯುತ್ತವೆ, ಎರಡು ಮೇಲೇರುತ್ತವೆ, ನಡುವೆ ದೊಡ್ಡ ಅಂತರ. ಸುತ್ತ ನೀರಿದ್ದರೆ ಅಂತರ ಸಣ್ಣದು.

```
ನೀರು:       [↑↓][↑ ][↑ ]  |  [↑ ][↑ ]
ಸಯನೈಡ್:    [↑↓][↑↓][↑↓]  |  [  ][  ]
```

ಎಡಗಡೆಯ ಮೂರು ಕೆಳಗಿನವು, ಬಲಗಡೆಯ ಎರಡು ಮೇಲಿನವು. ಮೇಲಕ್ಕೆ ಏರುವ ಖರ್ಚು ಜೋಡಿಯಾಗುವ ಖರ್ಚಿಗಿಂತ ಜಾಸ್ತಿ ಆದರೆ ಎಲೆಕ್ಟ್ರಾನ್ ಕೆಳಗೇ ಜೋಡಿಯಾಗುತ್ತದೆ. ನಿಮ್ಮ ತಮ್ಮನಿಗೆ ಇದು ಮುಂದಿನ ವರ್ಷ ಬರುತ್ತದೆ. ಈಗ "Fe²⁺ ಅಯಾನು" ಅಂತಷ್ಟೇ ಕೇಳಿದರೆ ಐದು ಸಮ ಬಾಕ್ಸ್ ಬರೆದರೆ ಸಾಕು.

ಕ್ಯಾಂಪಸ್_ಲ್ಯಾಬ್

ರಕ್ತದಲ್ಲೂ ಇದೇ ಆಟ. ಆಮ್ಲಜನಕ ಇಲ್ಲದ ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ನಾಲ್ಕು ಒಂಟಿ ಎಲೆಕ್ಟ್ರಾನ್, ಆಮ್ಲಜನಕ ಹಿಡಿದ ಹಿಮೋಗ್ಲೋಬಿನ್ ಅಯಸ್ಕಾಂತಕ್ಕೆ ಸೆಳೆಯಲ್ಪಡುವುದಿಲ್ಲ. ಪೌಲಿಂಗ್ ಮತ್ತು ಕೊರಿಯಲ್ 1936ರಲ್ಲೇ ಇದನ್ನು ಅಳೆದು ತೋರಿಸಿದರು. ಅಲ್ಲಿನ ಬಾಣಗಳನ್ನು ಹೇಗೆ ಬರೆಯಬೇಕು ಅಂತ ಮಾತ್ರ ಜಗಳ ಬಹಳ ಕಾಲ ನಡೆದಿದೆ.

ಪಿಯು_ಮೇಡಂ

ಪಾಠ ಮಾಡುವವರ ಕಡೆಯಿಂದ ಒಂದು ಮಾತು. ನಾನಾಗಿದ್ದರೂ ಆ ಚಿತ್ರಕ್ಕೆ ಅಂಕ ಕೊಡುತ್ತಿರಲಿಲ್ಲ, ಆದರೆ ಪಕ್ಕದಲ್ಲಿ "ಮೊದಲು 4s ನಿಂದ ತೆಗೆಯಬೇಕು" ಅಂತ ಬರೆಯುತ್ತಿದ್ದೆ. ಬರೀ ಗೆರೆ ಎಳೆದರೆ ಮಗುವಿಗೆ ಏನು ಗೊತ್ತಾಗಬೇಕು?

ನಾನು ಮಕ್ಕಳಿಗೆ ತಟಸ್ಥ ಪರಮಾಣು ತುಂಬಿಸಿದ ಮೇಲೆ 3d ಬಾಕ್ಸ್‌ಗಳನ್ನು ಎಡಕ್ಕೆ, 4s ಬಾಕ್ಸನ್ನು ಬಲತುದಿಗೆ ಇಟ್ಟು ಮತ್ತೆ ಬರೆಯಿರಿ ಅಂತ ಹೇಳ್ತೀನಿ. ಆಗ ಬಲತುದಿಯಿಂದ ಅಳಿಸಿಕೊಂಡು ಬಂದರೆ ಅಯಾನಿನ ಚಿತ್ರ ತಾನಾಗೇ ಸರಿ ಬರುತ್ತದೆ.

ರಾಂಕ್_ಹುಡುಗ

ಮೇಡಂ, ತುಂಬುವ ಕ್ರಮದಲ್ಲೇ ಬರೆಯಬೇಕು, 4s ಮೊದಲು. ಇಲ್ಲಾಂದ್ರೆ ಔಫ್‌ಬೌ ಗೊತ್ತಿಲ್ಲ ಅಂತ ಅಂಕ ಹೋಗುತ್ತೆ.

ಪಿಯು_ಮೇಡಂ

ನನ್ನ ಕೈಯಲ್ಲಿ ಹೋಗೋದಿಲ್ಲ ಮಗಾ. ಬೇರೆಯವರ ಕೈಯಲ್ಲಿ ಹೋಗಬಹುದು, ಅದನ್ನು ನಾನು ಹೇಳಲಾರೆ.

ನಿವೃತ್ತ_ಮೇಷ್ಟ್ರು

ನಾನು ಮೇಡಂ ಕಡೆ. ಹುಬ್ಳಿ ಅವರು ಬಹುಶಃ ಹುಡುಗನ ಕಡೆ.

ಹುಬ್ಳಿ_ಟ್ಯೂಶನ್

ಹೌದು, 4s ಮೊದಲು. ಬೋರ್ಡಿನ ಮೇಲೆ ಯಾವತ್ತೂ ಹಾಗೇ ಬರೆದಿದ್ದೀನಿ.

ಸಹನಾ_ಹಾಸನ

ತಮ್ಮ ಕೂತು ಬೇರೆ ಅಯಾನುಗಳಿಗೂ ಎರಡೂ ದಾರಿಯಲ್ಲಿ ಬರೆದು ನೋಡಿದ. Mn²⁺ ಗೆ ಸರಿಯಾದ ದಾರಿಯಲ್ಲಿ ಒಂಟಿ 5, ಅವನ ಹಳೇ ದಾರಿಯಲ್ಲಿ 3. Co²⁺ ಗೆ 3 ಮತ್ತು 5. Ni²⁺ ಗೆ 2 ಮತ್ತು 4. Zn²⁺ ಗೆ 0 ಮತ್ತು 2. ಎಲ್ಲೂ ಹೊಂದುತ್ತಿಲ್ಲ. ಟೆಸ್ಟ್‌ಗೆ ಬಂದಿದ್ದು ಮಾತ್ರ ಹೊಂದುವ Fe²⁺ ಅಂತ ಬೈಕೊಂಡ.

ಆದರೆ ಕ್ರೋಮಿಯಂನಲ್ಲಿ ಮತ್ತೆ ಹೊಂದುತ್ತಿದೆ. Cr³⁺ ಗೆ 3d ಯಿಂದಲೇ ಮೂರು ತೆಗೆದರೆ 3d² 4s¹, ಒಂಟಿ 3. ಸರಿಯಾದದ್ದು 3d³, ಅಲ್ಲೂ 3. ಇದು ಸರಿನಾ, ಅಥವಾ ಇವನು ಎಲ್ಲೋ ಎಡವಿದನಾ?

ನಿವೃತ್ತ_ಮೇಷ್ಟ್ರು

ಸರಿಯಾಗಿದೆ. Cr²⁺ ನಲ್ಲೂ ಹಾಗೇ ಆಗುತ್ತದೆ: 3d⁴ ಬರೆದರೂ 4, ತಪ್ಪಾಗಿ 3d³ 4s¹ ಬರೆದರೂ 4. ಕ್ರೋಮಿಯಂನ ಆರೂ ಬಾಣ ಒಂಟಿ, ಯಾವುದನ್ನು ಅಳಿಸಿದರೂ ಒಂದೊಂದೇ ಕಡಿಮೆ ಆಗುತ್ತದೆ.

ಪಿಯು_ಮೇಡಂ

ಹಾಗಾದರೆ ಮುಂದಿನ ಟೆಸ್ಟ್‌ಗೆ ನಾನು Fe²⁺ ಕೂಡ ಕೇಳಲ್ಲ, ಕ್ರೋಮಿಯಂ ಅಯಾನೂ ಕೇಳಲ್ಲ. Cu²⁺ ಕೇಳ್ತೀನಿ. ಅಲ್ಲಿ 3d⁹ ಅಂದರೆ ಒಂಟಿ 1, 3d⁸ 4s¹ ಅಂತ ಬರೆದವರಿಗೆ 3 ಬರುತ್ತದೆ, ತಕ್ಷಣ ಗೊತ್ತಾಗುತ್ತದೆ. ಸಹನಾ, ನಿಮ್ಮ ತಮ್ಮ ನನ್ನ ಕಾಲೇಜಿನವನಲ್ಲ ತಾನೇ?